ಅರಬಿಯಲ್ಲಿ ಬಹುವಚನ ಮೂರರಿಂದ ಶುರು, ಇಂಗ್ಲಿಷಲ್ಲಿ ಎರಡರಿಂದ: ಇದರಿಂದ ಏನೇನು ಎಡವಟ್ಟಾಗತ್ತೆ ನೋಡಿ

ಇಂಗ್ಲಿಷಲ್ಲಿ ‘ಬ್ರದರ್ಸ್’ ಅಂದ್ರೆ ಕಮ್ಮಿ ಅಂದ್ರೆ ಎಷ್ಟು ಜನ? ಇಬ್ಬರು. ಕನ್ನಡದಲ್ಲಿ ‘ಅಣ್ಣತಮ್ಮಂದಿರು’ ಅಂದ್ರೂ ಅಷ್ಟೇ, ಇಬ್ಬರಿದ್ರೆ ಸಾಕು. ಅರಬಿಯಲ್ಲಿ ‘ಇಖ್ವಾ’ ಅಂದ್ರೆ ಮಾತ್ರ ವ್ಯಾಕರಣದ ಲೆಕ್ಕದಲ್ಲಿ ಮೂರು ಜನ ಅಥವಾ ಅದಕ್ಕಿಂತ ಜಾಸ್ತಿ, ಯಾಕಂದ್ರೆ ಇಬ್ಬರಿಗೆ ಅಂತಾನೇ ‘ಅಖವಾನ್’ ಅನ್ನೋ ಬೇರೆ ರೂಪ ಇದೆ. ಒಬ್ಬ ಇದ್ರೆ ‘ಅಖ್’. ಮೂರು ಖಾನೆ ಇರೋ ಭಾಷೆಯಿಂದ ಎರಡೇ ಖಾನೆ ಇರೋ ಭಾಷೆಗೆ ಸಾಮಾನು ಸಾಗಿಸುವಾಗ ಏನೋ ಒಂದು ಕಲೆಸಿಹೋಗಲೇಬೇಕು. ಹಾಗೆ ಕಲೆಸಿಹೋಗಿದ್ದು ಇಂಗ್ಲಿಷ್ ಓದೋನಿಗೆ ಗೊತ್ತೇ ಆಗಲ್ಲ ಅನ್ನೋದೇ ದೊಡ್ಡ ತೊಂದರೆ.

ಹೈಸ್ಕೂಲಲ್ಲಿ ಮಾರ್ಕ್ಸ್ ಬರತ್ತೆ ಅಂತ ಸಂಸ್ಕೃತ ತಗೊಂಡವರಿಗೆ ದ್ವಿವಚನ ಹೊಸದೇನಲ್ಲ, ‘ರಾಮಃ ರಾಮೌ ರಾಮಾಃ’ ಇನ್ನೂ ಬಾಯಲ್ಲಿರತ್ತೆ. ಅರಬಿದೂ ಅದೇ ಥರ, ಇನ್ನೂ ಸುಲಭ. ಪದದ ಕೊನೆಗೆ ‘ಆನ್’ ಅಥವಾ ‘ಐನ್’ ಹಚ್ಚಿದ್ರೆ ಎರಡು ಅಂತ ಅರ್ಥ, ಕರ್ತೃ ಆಗಿದ್ರೆ ‘ಆನ್’, ಉಳಿದ ಕಡೆ ‘ಐನ್’. ಕಿತಾಬ್ ಅಂದ್ರೆ ಪುಸ್ತಕ, ಕಿತಾಬಾನ್ ಅಥವಾ ಕಿತಾಬೈನ್ ಅಂದ್ರೆ ಎರಡು ಪುಸ್ತಕ, ‘ಎರಡು’ ಅನ್ನೋ ಪದ ಬೇರೆ ಹಾಕೋದೇ ಬೇಡ. ಕರಾವಳಿಯಿಂದ ಎಷ್ಟೋ ಜನ ದುಡಿಯೋಕೆ ಹೋಗಿರೋ ಬಹರೈನ್ ಇದೆಯಲ್ಲ, ಅದರ ಹೆಸರೇ ದ್ವಿವಚನ. ಬಹರ್ ಅಂದ್ರೆ ಸಮುದ್ರ, ಬಹರೈನ್ ಅಂದ್ರೆ ಎರಡು ಸಮುದ್ರ.

ಬಹುವಚನದ್ದು ಬೇರೆಯೇ ಕಥೆ. ಕೆಲವು ಪದಗಳಿಗೆ ನಮ್ಮ ‘ಗಳು’ ಥರ ಕೊನೆಗೆ ಪ್ರತ್ಯಯ ಬರತ್ತೆ, ಮುಅಲ್ಲಿಮ್ (ಮೇಷ್ಟ್ರು) ಹೋಗಿ ಮುಅಲ್ಲಿಮೂನ್ ಆಗತ್ತೆ. ಆದರೆ ದಿನಬಳಕೆಯ ಎಷ್ಟೋ ಪದಗಳಲ್ಲಿ ಕೊನೆಗೆ ಏನೂ ಅಂಟಲ್ಲ, ಪದದ ಒಳಗಿನ ಸ್ವರಗಳೇ ಬದಲಾಗಿಬಿಡ್ತಾವೆ. ಕಿತಾಬ್ ಹೋಗಿ ಕುತುಬ್, ಬೈತ್ (ಮನೆ) ಹೋಗಿ ಬುಯೂತ್, ರಜುಲ್ (ಗಂಡಸು) ಹೋಗಿ ರಿಜಾಲ್, ಮದ್ರಸಾ ಹೋಗಿ ಮದಾರಿಸ್. ಮೂಲ ವ್ಯಂಜನ ಮಾತ್ರ ಅಲ್ಲೇ ಇರ್ತಾವೆ, ಕ-ತ-ಬ ಅಂದ್ರೆ ಕ-ತ-ಬ, ಅದರ ಸುತ್ತ ಇರೋ ಗೋಡೆ ಒಡೆದು ಬೇರೆ ಥರ ಕಟ್ಟಿದ ಹಾಗೆ. ಅರಬಿ ವ್ಯಾಕರಣದವರು ಇದನ್ನ ‘ಜಮ್ಅ್ ತಕ್ಸೀರ್’ ಅಂತಾರೆ, ತಕ್ಸೀರ್ ಅಂದ್ರೆ ಒಡೆಯೋದು, ಹಾಗಾಗಿ ಮುರಿದ ಬಹುವಚನ. ಯಾವ ಪದಕ್ಕೆ ಯಾವ ಅಚ್ಚು ಅನ್ನೋದಕ್ಕೆ ಒಂದಿಷ್ಟು ಒಲವುಗಳಿವೆ, ಗಟ್ಟಿ ನಿಯಮ ಇಲ್ಲ, ಪದದ ಜೊತೆಗೇ ಬಾಯಿಪಾಠ ಮಾಡ್ಬೇಕು.

ಇವು ನಮ್ಮ ಕನ್ನಡಕ್ಕೂ ಬಂದಿವೆ, ಬಹುವಚನ ಅಂತ ಗೊತ್ತಾಗದೇ ಬಂದಿವೆ. ಜಿಲ್ಲಾಧಿಕಾರಿಗೆ ಕೊಡೋ ‘ಅಹವಾಲು’ ಇದೆಯಲ್ಲ, ಅದು ‘ಅಹ್ವಾಲ್’, ಅಂದ್ರೆ ‘ಹಾಲ್’ (ಸ್ಥಿತಿ) ಅನ್ನೋದರ ಮುರಿದ ಬಹುವಚನ. ನವಾಬ ಅನ್ನೋದೂ ‘ನಾಯಿಬ್’ ಅನ್ನೋದರ ಬಹುವಚನದಿಂದಲೇ ಬಂದಿದ್ದು. ನಾವು ಆರಾಮಾಗಿ ‘ಅಹವಾಲುಗಳು’, ‘ನವಾಬರು’ ಅಂತ ಬಹುವಚನದ ಮೇಲೆ ಇನ್ನೊಂದು ಬಹುವಚನ ಹಾಕ್ತೀವಿ, ಅದೇನೂ ತಪ್ಪಲ್ಲ, ನಮ್ಮ ಮನೆಗೆ ಬಂದ ಮೇಲೆ ನಮ್ಮ ರೂಲ್ಸು.

ಈಗ ಮೊದಲಿನ ‘ಇಖ್ವಾ’ ವಿಷಯಕ್ಕೆ ಬರೋಣ, ಯಾಕಂದ್ರೆ ವಚನದ ಈ ವ್ಯತ್ಯಾಸದಿಂದ ದುಡ್ಡೇ ಕೈ ಬದಲಾಗೋ ಜಾಗ ಅದು. ಕುರ್‌ಆನಿನ ನಾಲ್ಕನೇ ಅಧ್ಯಾಯದ 11ನೇ ವಚನದಲ್ಲಿ ಆಸ್ತಿ ಹಂಚಿಕೆ ಬರತ್ತೆ. ಸತ್ತವನಿಗೆ ಮಕ್ಕಳಿಲ್ಲ, ಅಪ್ಪ ಅಮ್ಮ ಇದಾರೆ ಅಂದ್ರೆ ಅಮ್ಮನಿಗೆ ಮೂರನೇ ಒಂದು ಭಾಗ. ಆದರೆ ಅವನಿಗೆ ‘ಇಖ್ವಾ’ ಇದ್ರೆ ಅಮ್ಮನ ಪಾಲು ಆರನೇ ಒಂದಕ್ಕೆ ಇಳಿಯತ್ತೆ. ಸರಿ, ಒಬ್ಬನೇ ತಮ್ಮ ಇದ್ರೆ ಇಳಿಯಲ್ಲ, ಮೂರು ಜನ ಇದ್ರೆ ಇಳಿಯತ್ತೆ, ಇದರಲ್ಲಿ ಗೊಂದಲ ಇಲ್ಲ. ಸರಿಯಾಗಿ ಇಬ್ಬರೇ ಇದ್ರೆ?

ಲೆಕ್ಕ ಹಾಕಿ ನೋಡೋಣ. ಆಸ್ತಿ 6 ಲಕ್ಷ, ಇರೋದು ಅಪ್ಪ, ಅಮ್ಮ, ಇಬ್ಬರು ತಮ್ಮಂದಿರು. ಅಪ್ಪ ಇರೋದರಿಂದ ತಮ್ಮಂದಿರಿಗೆ ಏನೂ ಸಿಗಲ್ಲ, ಆದರೂ ಅವರು ಇದಾರೆ ಅನ್ನೋದೇ ಅಮ್ಮನ ಪಾಲನ್ನ ಇಳಿಸಬಹುದು. ಇಬ್ಬರನ್ನೂ ‘ಇಖ್ವಾ’ ಅಂತ ಒಪ್ಪಿಕೊಂಡ್ರೆ ಅಮ್ಮನಿಗೆ 1 ಲಕ್ಷ, ಉಳಿದ 5 ಲಕ್ಷ ಅಪ್ಪನಿಗೆ. ಒಪ್ಪಿಲ್ಲ ಅಂದ್ರೆ ಅಮ್ಮನಿಗೆ 2 ಲಕ್ಷ, ಅಪ್ಪನಿಗೆ 4 ಲಕ್ಷ. ಅಂದ್ರೆ ಬಹುವಚನ ಎರಡರಿಂದ ಶುರುವಾಗತ್ತಾ ಮೂರರಿಂದ ಶುರುವಾಗತ್ತಾ ಅನ್ನೋ ಪ್ರಶ್ನೆಗೆ ಇಲ್ಲಿ 1 ಲಕ್ಷ ರೂಪಾಯಿ ಬೆಲೆ.

ಪ್ರವಾದಿಯವರ ಸಂಗಡಿಗರಲ್ಲೇ ಒಬ್ಬರಾದ ಇಬ್ನ್ ಅಬ್ಬಾಸ್ ಮೂರನೇ ಖಲೀಫ ಉಸ್ಮಾನರ ಹತ್ರ ಇದೇ ತಕರಾರು ತೆಗೆದರು ಅಂತ ಹಳೇ ವರದಿ ಇದೆ: ಇಬ್ಬರು ಅಣ್ಣತಮ್ಮಂದಿರು ನಿಮ್ಮ ಜನರ ಭಾಷೆಯಲ್ಲಿ ‘ಇಖ್ವಾ’ ಆಗಲ್ಲವಲ್ಲ ಅಂತ. ಉಸ್ಮಾನ್ ಅದಕ್ಕೆ, ನನಗಿಂತ ಮುಂಚಿನಿಂದ ನಡೆದುಬಂದಿರೋದನ್ನ, ಎಲ್ಲ ಊರಲ್ಲೂ ಜಾರಿಯಲ್ಲಿರೋದನ್ನ ನಾನು ಬದಲಾಯಿಸೋಕಾಗಲ್ಲ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟರಂತೆ. ಈ ವರದಿ ಎಷ್ಟು ಗಟ್ಟಿ ಅನ್ನೋದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇದೆ, ಆದರೆ ವಾದ ಮಾತ್ರ ನಿಜವಾದ್ದೇ. ‘ಬಹುವಚನದ ಕನಿಷ್ಠ ಎಷ್ಟು’ ಅನ್ನೋದು ಇಸ್ಲಾಮಿ ನ್ಯಾಯಶಾಸ್ತ್ರದಲ್ಲಿ ಒಂದು ಪ್ರತ್ಯೇಕ ಚರ್ಚೆಯಾಗಿಯೇ ಬೆಳೀತು. ಬಹುಪಾಲು ನ್ಯಾಯಶಾಸ್ತ್ರಜ್ಞರು ಈ ವಚನದ ಮಟ್ಟಿಗೆ ಇಬ್ಬರೂ ಸಾಕು ಅಂತ ತೀರ್ಮಾನ ಮಾಡಿದಾರೆ, ನಮ್ಮ ದೇಶದಲ್ಲಿ ನಡೆಯೋ ಹನಫಿ ಪದ್ಧತಿಯಲ್ಲೂ ಇಬ್ಬರು ಇದ್ರೆ ಅಮ್ಮನಿಗೆ ಆರನೇ ಒಂದೇ.

ಇಂಗ್ಲಿಷ್ ಅನುವಾದದಲ್ಲಿ ಇಲ್ಲಿ ‘ಬ್ರದರ್ಸ್’ ಅಂತಲೋ ‘ಸಿಬ್ಲಿಂಗ್ಸ್’ ಅಂತಲೋ ಇರತ್ತೆ. ಆ ‘ಎಸ್’ ಎರಡರಿಂದಲೇ ಶುರು, ಹಾಗಾಗಿ ಓದೋನಿಗೆ ಇಬ್ಬರು ಸೇರಿದ್ದಾರೆ ಅನ್ನೋದು ಸಹಜವಾಗಿ ಕಾಣತ್ತೆ, ಇಲ್ಲಿ ವಾದ ಮಾಡೋಕೆ ಏನಿದೆ ಅನ್ಸತ್ತೆ. ಅನುವಾದ ತಪ್ಪಲ್ಲ, ಬಂದ ತೀರ್ಮಾನಕ್ಕೂ ಹೊಂದತ್ತೆ. ಆದರೆ ಶತಮಾನಗಳ ವಾದ ಆ ಒಂದು ಅಕ್ಷರದ ಕೆಳಗೆ ಮುಚ್ಚಿಹೋಗಿದೆ. ಅದೇ ಅಧ್ಯಾಯದ ಕೊನೇ ವಚನದಲ್ಲಿ ಅಕ್ಕತಂಗಿಯರ ಪಾಲಿನ ಮಾತು ಬರುವಾಗ ‘ಅವರಿಬ್ಬರಿದ್ದರೆ’ ಅಂತ ನೇರ ದ್ವಿವಚನದಲ್ಲೇ ಹೇಳಿದೆ, ಸಂಖ್ಯೆನೂ ಸೇರಿಸಿ. ಅಲ್ಲಿ ಇಂಗ್ಲಿಷಿನವರು ‘ಟೂ’ ಹಾಕ್ಲೇಬೇಕಾಗತ್ತೆ, ಹಾಕಿದಾರೆ.

ಇನ್ನೊಂದು ಜಾಗ ನೋಡಿ, 49ನೇ ಅಧ್ಯಾಯದ 10ನೇ ವಚನ. ಒಂದೇ ವಾಕ್ಯದಲ್ಲಿ ಎರಡೂ ರೂಪ ಬರ್ತಾವೆ. ವಿಶ್ವಾಸಿಗಳೆಲ್ಲ ‘ಇಖ್ವಾ’, ಆದ್ದರಿಂದ ನಿಮ್ಮ ‘ಅಖವೈನ್’ ನಡುವೆ ರಾಜಿ ಮಾಡಿಸಿ. ಮೊದಲು ಇಡೀ ಸಮುದಾಯ, ಆಮೇಲೆ ಜಗಳ ಆಡ್ತಿರೋ ಇಬ್ಬರು. ಕೆಲವು ಇಂಗ್ಲಿಷ್ ಅನುವಾದಗಳು ‘ನಿಮ್ಮ ಇಬ್ಬರು ಸೋದರರ ನಡುವೆ’ ಅಂತ ಉಳಿಸಿಕೊಂಡಿವೆ, ಕೆಲವು ಬರೀ ‘ನಿಮ್ಮ ಸೋದರರ ನಡುವೆ’ ಅಂತ ಬಿಟ್ಟಿವೆ. ಎರಡನೇದರಲ್ಲಿ ಇದು ಎಲ್ಲರೂ ಶಾಂತಿಯಿಂದಿರಿ ಅನ್ನೋ ಸಾಮಾನ್ಯ ಉಪದೇಶದ ಥರ ಕೇಳ್ಸತ್ತೆ, ಮೊದಲನೇದರಲ್ಲಿ ಇಬ್ಬರು ಕಿತ್ತಾಡ್ತಿದಾರೆ, ಹೋಗಿ ಬಿಡಿಸಿ ಅನ್ನೋ ಕೆಲಸ. ನನ್ನ ಕೇಳಿದ್ರೆ ಇಲ್ಲಿ ‘ಟೂ’ ಬಿಡೋದು ನಷ್ಟ.

ಹಾಗಂತ ದ್ವಿವಚನ ಕಂಡಲ್ಲೆಲ್ಲ ‘ಟೂ’ ತುರುಕೋದೂ ಹುಚ್ಚೇ. ವಾಲಿದೈನ್ ಅಂದ್ರೆ ತಂದೆತಾಯಿ, ‘ಟೂ ಪೇರೆಂಟ್ಸ್’ ಅಂತ ಬರೆದ್ರೆ ಮೂರನೆಯವರು ಎಲ್ಲಿ ಅಂತ ಓದೋನು ಹುಡುಕ್ತಾನೆ. ಅವಳ ಐನೈನ್ ಅಂದ್ರೆ ಅವಳ ಕಣ್ಣುಗಳು, ಅಷ್ಟೇ. ಹುಟ್ಟಿನಿಂದಲೇ ಜೋಡಿ ಇರೋದಕ್ಕೆ ಇಂಗ್ಲಿಷ್ ಬಹುವಚನ ಸಾಕು, ಎರಡು ಅನ್ನೋದೇ ಸುದ್ದಿ ಆಗಿದ್ರೆ ಮಾತ್ರ ಹೇಳ್ಬೇಕು. ಸೌದಿ ದೊರೆ ಫಹದ್ 1986ರಲ್ಲಿ ‘ಖಾದಿಮುಲ್ ಹರಮೈನ್’ ಅನ್ನೋ ಬಿರುದು ತಗೊಂಡ್ರು, ಅದರಲ್ಲಿ ಎರಡು ಅನ್ನೋದು ಮೆಕ್ಕಾ ಮತ್ತು ಮದೀನದ ಆ ಎರಡೇ ಮಸೀದಿ, ಅದಕ್ಕೇ ಇಂಗ್ಲಿಷಲ್ಲೂ ‘ಕಸ್ಟೋಡಿಯನ್ ಆಫ್ ದ ಟೂ ಹೋಲಿ ಮಾಸ್ಕ್ಸ್’ ಅಂತ ಎರಡನ್ನ ಉಳಿಸಿಕೊಂಡಿದಾರೆ.

ಇದು ಧರ್ಮಗ್ರಂಥದ ವಿಷಯ ಆಯ್ತು, ಆಫೀಸ್ ಕಾಗದಗಳಲ್ಲಿ ಬೇರೆ ಥರದ ಗುಂಡಿ ಇದೆ. ಅರಬಿ ಬರಹದಲ್ಲಿ ಸಾಮಾನ್ಯವಾಗಿ ಹ್ರಸ್ವ ಸ್ವರ ಬರೆಯಲ್ಲ. ಹಾಗಾಗಿ ‘ಮುಹಂದಿಸೈನ್’ (ಇಬ್ಬರು ಎಂಜಿನಿಯರ್) ಮತ್ತು ‘ಮುಹಂದಿಸೀನ್’ (ಮೂರು ಮತ್ತು ಹೆಚ್ಚು ಎಂಜಿನಿಯರ್) ಕಾಗದದ ಮೇಲೆ ಅಕ್ಷರಕ್ಕೆ ಅಕ್ಷರ ಒಂದೇ, ಕೊನೆಗೆ ಯೇ ಮತ್ತು ನೂನ್. ಕರ್ತೃ ಸ್ಥಾನದಲ್ಲಿದ್ರೆ ‘ಆನ್’ ಮತ್ತು ‘ಊನ್’ ಅಂತ ಬೇರೆ ಬೇರೆ ಕಾಣ್ತಿತ್ತು, ಆದರೆ ‘ಕಂಪನಿಯು ಎಂಜಿನಿಯರ್‌ಗಳನ್ನ ಕಳಿಸತಕ್ಕದ್ದು’ ಅನ್ನೋ ಥರದ ವಾಕ್ಯದಲ್ಲಿ ಅವರು ಕರ್ಮ, ಸೋ ಇಬ್ಬರನ್ನ ಕಳಿಸಬೇಕಾ ಹತ್ತು ಜನಾನಾ ಅನ್ನೋದು ಆ ಪದದಿಂದ ಗೊತ್ತಾಗಲ್ಲ.

ಈ ಗೊಂದಲ ಪ್ರತ್ಯಯ ಹಚ್ಚಿಕೊಳ್ಳೋ ಬಹುವಚನದ ಪದಗಳಿಗೆ ಮಾತ್ರ, ಮುರಿದ ಬಹುವಚನದ ಪದಗಳಿಗೆ ಇಲ್ಲ. ಶಹರ್ ಅಂದ್ರೆ ತಿಂಗಳು, ಅದರ ಬಹುವಚನ ಅಶ್‌ಹುರ್ ಅಥವಾ ಶುಹೂರ್, ಎರಡೂ ಒಳಗಿಂದ ಒಡೆದವು. ಹಾಗಾಗಿ ಶಹರ್ ಮುಂದೆ ಯೇ-ನೂನ್ ಕಂಡ್ರೆ ಅದು ‘ಶಹ್ರೈನ್’ ಅಂತಲೇ ಓದ್ಬೇಕು, ಸರಿಯಾಗಿ ಎರಡು ತಿಂಗಳು, ಬೇರೆ ಓದು ಸಾಧ್ಯವೇ ಇಲ್ಲ. ನೋಟಿಸ್ ಪೀರಿಯಡ್ ಎರಡು ತಿಂಗಳು ಅಂತ ಬರೆದ ಕರಾರಲ್ಲಿ ಅದಕ್ಕೇ ಜಗಳ ಬರಲ್ಲ. ಕಲಿಯೋರಿಗೆ ತಲೆನೋವು ಅಂತ ಬೈಸಿಕೊಳ್ಳೋ ಮುರಿದ ಬಹುವಚನ ಇಲ್ಲಿ ಅನುವಾದಕನನ್ನ ಕಾಪಾಡತ್ತೆ.

ಗೊಂದಲ ಇರೋ ಪದ ಬಂದಾಗ ಅದರ ಪಕ್ಕದ ಪದ ನೋಡ್ಬೇಕು. ಸೌದಿಯಲ್ಲಿ ಕೆಲಸದ ಕರಾರು ಎರಡು ಭಾಷೆಯಲ್ಲಿದ್ದು ವ್ಯತ್ಯಾಸ ಬಂದ್ರೆ ಅರಬಿ ಪ್ರತಿಯೇ ನಿಲ್ಲೋದು, ಹಾಗಾಗಿ ಅಲ್ಲಿ ಇರೋ ನಮ್ಮವರಿಗೂ ಇದು ಬರೀ ವ್ಯಾಕರಣದ ಮಾತಲ್ಲ. ‘ಭಾರತೀಯ ಎಂಜಿನಿಯರ್‌ಗಳು’ ಅನ್ನೋದನ್ನೇ ತಗೊಳ್ಳಿ. ಭಾರತೀಯ ಅಂದ್ರೆ ಹಿಂದೀ, ಅದರ ಬಹುವಚನ ‘ಹುನೂದ್’, ಇದೂ ಮುರಿದಿದ್ದೇ. ಎಂಜಿನಿಯರ್ ಪದದ ಪಕ್ಕ ‘ಹುನೂದ್’ ಇದ್ರೆ ಅದು ಮುಹಂದಿಸೀನ್, ಮೂರು ಅಥವಾ ಹೆಚ್ಚು ಜನ. ಪಕ್ಕದಲ್ಲಿ ‘ಹಿಂದಿಯ್ಯೈನ್’ ಇದ್ರೆ ಬಹುತೇಕ ಖಚಿತವಾಗಿ ಮುಹಂದಿಸೈನ್, ಇಬ್ಬರು. ಎಂಜಿನಿಯರ್ ಪದ ತಾನಾಗಿ ಬಾಯಿ ಬಿಡಲ್ಲ, ವಿಶೇಷಣ ಸಾಕ್ಷಿ ಹೇಳತ್ತೆ. ‘ಯಾರು ಬಂದರೋ ಅವರು’ ಅನ್ನೋ ಸಂಬಂಧಸೂಚಕ ಪದ ಇದ್ರೆ ಇನ್ನೂ ಸುಲಭ, ಇಬ್ಬರಿಗಾದ್ರೆ ಅದನ್ನ ಎರಡು ಲಾಮ್ ಹಾಕಿ ಬರೀತಾರೆ, ಜಾಸ್ತಿ ಜನಕ್ಕಾದ್ರೆ ಒಂದೇ ಲಾಮ್. ಮುಂದೆ ಸರ್ವನಾಮ ‘ಹುಮಾ’ ಬಂತು ಅಂದ್ರೆ ಇಬ್ಬರು, ‘ಹುಮ್’ ಬಂತು ಅಂದ್ರೆ ಗುಂಪು. ಇದ್ಯಾವುದೂ ಇಲ್ಲ ಅಂದ್ರೆ ಬರೆದವರನ್ನ ಕೇಳೋದೊಂದೇ ದಾರಿ, ಊಹೆ ಮಾಡಿ ‘ಎಂಜಿನಿಯರ್ಸ್’ ಅಂತ ಹಾಕಿದ್ರೆ ಇಂಗ್ಲಿಷ್ ಓದೋನಿಗೆ ಅಲ್ಲೊಂದು ಪ್ರಶ್ನೆ ಇತ್ತು ಅನ್ನೋದೇ ಕಾಣಲ್ಲ.

ಸಂಖ್ಯೆ ಜೊತೆ ಬಂದಾಗ ಇನ್ನೂ ಮಜಾ. ಅರಬಿಯಲ್ಲಿ ಒಂದಕ್ಕೆ ಏಕವಚನ, ಎರಡಕ್ಕೆ ದ್ವಿವಚನ, 3ರಿಂದ 10ರ ತನಕ ಬಹುವಚನ. 11 ಆದ ಕೂಡಲೇ ವಾಪಸ್ ಏಕವಚನ! ಮೂರು ದಿನಕ್ಕೆ ‘ಥಲಾಥತು ಅಯ್ಯಾಮ್’, ಅಯ್ಯಾಮ್ ಅನ್ನೋದು ಯೌಮ್ (ದಿನ) ಅನ್ನೋದರ ಮುರಿದ ಬಹುವಚನ. ಮೂವತ್ತು ದಿನಕ್ಕೆ ‘ಥಲಾಥೂನ ಯೌಮನ್’, ಏಕವಚನ. ನೂರಕ್ಕೂ ಏಕವಚನ, ನೂರಾಮೂರಕ್ಕೆ ಮತ್ತೆ ಬಹುವಚನ, ಯಾಕಂದ್ರೆ ಕೊನೆಗೆ ಬಂದ ಮೂರು ಆಳ್ವಿಕೆ ಮಾಡತ್ತೆ. ನಮಗೆ ಇದು ಅಷ್ಟೊಂದು ವಿಚಿತ್ರ ಅನ್ನಿಸಬಾರದು, ನಾವೂ ‘ಮೂವತ್ತು ದಿನ’ ‘ಇಪ್ಪತ್ತು ರೂಪಾಯಿ’ ಅಂತಲೇ ಅನ್ನೋದು. ಇಂಗ್ಲಿಷಿನವರಿಗೆ ಮಾತ್ರ ಎಲ್ಲದಕ್ಕೂ ‘ಎಸ್’ ಬೇಕು, ಮೂರಕ್ಕೂ ಡೇಸ್, ಮೂವತ್ತಕ್ಕೂ ಡೇಸ್.

ಇದರಿಂದ ಒಂದು ಉಪಯೋಗ ಇದೆ, ಅನುವಾದ ಮಾಡೋರು ಗಮನಿಸ್ಬೇಕಾದ್ದು. ಅರಬ್ ದೇಶಗಳಲ್ಲಿ ಹಲವು ಕಡೆ ಬಳಸೋ ಅಂಕಿಗಳಲ್ಲಿ ಸೊನ್ನೆ ಅಂದ್ರೆ ಒಂದು ಚುಕ್ಕಿ. ಜೆರಾಕ್ಸಿನ ಮೇಲೆ ಜೆರಾಕ್ಸ್ ಮಾಡಿದ ಪ್ರತಿಯಲ್ಲಿ ಆ ಚುಕ್ಕಿ ಹೋಯ್ತು ಅಂದ್ಕೊಳ್ಳಿ, 30 ಇದ್ದಿದ್ದು 3 ಆಗತ್ತೆ. ನೋಟಿಸಿಗೆ ಉತ್ತರ ಕೊಡೋಕೆ ಎಷ್ಟು ದಿನ? ಅಂಕಿ ಪಕ್ಕದ ಪದ ನೋಡಿ. ಅಲ್ಲಿ ‘ಯೌಮನ್’ ಅಂತ ಏಕವಚನ ಇದ್ರೆ ಅಂಕಿ 3 ಆಗಿರೋಕೆ ಸಾಧ್ಯವಿಲ್ಲ, ಏನೋ ಬಿಟ್ಟುಹೋಗಿದೆ, 13 ಇರಬಹುದು 30 ಇರಬಹುದು. ‘ಅಯ್ಯಾಮ್’ ಇದ್ರೆ ನಿಜವಾಗಲೂ ಮೂರೇ ದಿನ. ಅಂಕಿಯ ತಪ್ಪನ್ನ ನಾಮಪದ ಹಿಡಿದುಕೊಡತ್ತೆ. ಇಂಗ್ಲಿಷ್ ಪ್ರತಿ ಒಂದೇ ಕೈಯಲ್ಲಿದ್ರೆ ಈ ಸುಳಿವು ಇರಲ್ಲ, ‘3 ಡೇಸ್’ ಅನ್ನೋದು ನೋಡೋಕೆ ಸರಿಯಾಗೇ ಇರತ್ತೆ.

ಮುರಿದ ಬಹುವಚನದಲ್ಲಿ ಇನ್ನೊಂದು ವಿಷಯ, ಒಂದೇ ಪದಕ್ಕೆ ಎರಡು ಮೂರು ಬಹುವಚನ ಇರೋದು. ಕೆಲವು ಸಲ ಅರ್ಥವೇ ಕವಲೊಡೆಯತ್ತೆ. ಬೈತ್ ಅಂದ್ರೆ ಮನೆನೂ ಹೌದು, ಪದ್ಯದ ಒಂದು ಸಾಲೂ ಹೌದು. ಏಕವಚನದಲ್ಲಿ ಯಾವುದು ಅಂತ ಸಂದರ್ಭ ನೋಡ್ಬೇಕು, ಬಹುವಚನದಲ್ಲಿ ಬೇಡ, ಬುಯೂತ್ ಮನೆಗಳು, ಅಬ್ಯಾತ್ ಪದ್ಯದ ಸಾಲುಗಳು. ಅಬ್ದ್ ಅನ್ನೋದಕ್ಕೆ ಇಬಾದ್ ಅಂದ್ರೆ ಸಾಮಾನ್ಯವಾಗಿ ದೇವರ ದಾಸರು, ಅಬೀದ್ ಅಂದ್ರೆ ಸಾಮಾನ್ಯವಾಗಿ ಕೊಂಡ ಗುಲಾಮರು. ಎರಡಕ್ಕೂ ‘ಸ್ಲೇವ್ಸ್’ ಅಂತ ಹಾಕೋ ಅನುವಾದಕ ಭಕ್ತಿಯ ಸಾಲನ್ನ ಸಂತೆಯ ಸಾಲಾಗಿ ಮಾಡಿಬಿಡ್ತಾನೆ.

ಇನ್ನು ಕೆಲವು ಸಲ ವ್ಯತ್ಯಾಸ ಇರೋದು ಪ್ರಮಾಣದಲ್ಲಿ. ಹಳೇ ವ್ಯಾಕರಣದಲ್ಲಿ ಕೆಲವು ಅಚ್ಚುಗಳು 3ರಿಂದ 10ರ ‘ಕಮ್ಮಿ’ ಬಹುವಚನ, ಉಳಿದವು ‘ಜಾಸ್ತಿ’ ಬಹುವಚನ. ತಿಂಗಳ ಉದಾಹರಣೆ ಚೆನ್ನಾಗಿದೆ: ಕುರ್‌ಆನಿನ ಒಂಬತ್ತನೇ ಅಧ್ಯಾಯದಲ್ಲಿ ನಾಲ್ಕು ತಿಂಗಳ ಮಾತು ಬಂದಾಗ ‘ಅಶ್‌ಹುರ್’, ವರ್ಷದ ಹನ್ನೆರಡು ತಿಂಗಳ ಲೆಕ್ಕ ಅಂತ ಬಂದಾಗ ‘ಶುಹೂರ್’. ಇನ್ನೊಂದು, ತೆನೆಗಳದ್ದು. ಯೂಸುಫರ ಕಥೆಯಲ್ಲಿ ರಾಜನ ಕನಸಲ್ಲಿ ಬರೋ ಏಳು ತೆನೆಗೆ ‘ಸುಂಬುಲಾತ್’ ಅನ್ನೋ ಪ್ರತ್ಯಯದ ಬಹುವಚನ, ದಾನ ಮಾಡಿದ್ದು ಬೆಳೆಯೋ ರೀತಿ ಹೇಳುವಾಗ ಬರೋ ಏಳು ತೆನೆಗೆ ‘ಸನಾಬಿಲ್’ ಅನ್ನೋ ಮುರಿದ ಬಹುವಚನ. ಎರಡೂ ಕಡೆ ಏಳೇ. ಆದರೆ ಎರಡನೇದರಲ್ಲಿ ಒಂದೊಂದು ತೆನೆಗೆ ನೂರು ಕಾಳು, ಒಂದು ಬೀಜ ಏಳುನೂರಾಗತ್ತೆ, ಸಮೃದ್ಧಿಯೇ ಅಲ್ಲಿಯ ಮಾತು, ಅದಕ್ಕೇ ಜಾಸ್ತಿಯ ರೂಪ ಅಂತ ವ್ಯಾಖ್ಯಾನ ಮಾಡ್ತಾರೆ. ಇಂಗ್ಲಿಷಲ್ಲಿ ಎರಡೂ ಕಡೆ ‘ಸೆವೆನ್ ಇಯರ್ಸ್’ ಅಷ್ಟೇ, ಬೇರೆ ದಾರಿನೂ ಇಲ್ಲ.

ಇದನ್ನ ತುಂಬ ಎಳೆಯೋ ಹಾಗೂ ಇಲ್ಲ. ಯೌಮ್‌ಗೆ ಬಳಕೆಯಲ್ಲಿರೋದು ಅಯ್ಯಾಮ್ ಒಂದೇ, ಅದರ ಅಚ್ಚು ‘ಕಮ್ಮಿ’ದು, ಆದರೂ ಲೆಕ್ಕವಿಲ್ಲದಷ್ಟು ದಿನಗಳಿಗೂ ಅದೇ. ರಜುಲ್‌ಗೆ ರಿಜಾಲ್, ಅಚ್ಚು ‘ಜಾಸ್ತಿ’ದು, ಮೂರೇ ಗಂಡಸರಿಗೂ ಅದೇ. ಎರಡು ರೂಪ ಕೈಯಲ್ಲಿದ್ದು ಬರೆದವನು ಒಂದನ್ನ ಆರಿಸಿಕೊಂಡಿದ್ರೆ ಮಾತ್ರ ಆ ಆಯ್ಕೆಗೆ ಅರ್ಥ. ಇವತ್ತಿನ ಪೇಪರಲ್ಲಿ ಬರೆಯೋರಂತೂ ಈ ಕಮ್ಮಿ ಜಾಸ್ತಿ ಭೇದವನ್ನ ಹೆಚ್ಚುಕಮ್ಮಿ ನೋಡೋದೇ ಇಲ್ಲ, ಅವರ ಬರಹದಲ್ಲಿ ಇದನ್ನ ಹುಡುಕೋಕೆ ಹೋದ್ರೆ ಇಲ್ಲದ್ದೆಲ್ಲ ಕಾಣತ್ತೆ.

ದ್ವಿವಚನಕ್ಕೂ ಹೀಗೇ ಒಂದು ಸಡಿಲ ಬಳಕೆ ಇದೆ, ಆಡುಮಾತಲ್ಲಿ. ಈಜಿಪ್ಟಿನವರು ‘ಯೋಮೇನ್’ ಅಂದ್ರೆ ಅಕ್ಷರಶಃ ಎರಡು ದಿನ, ಆದರೆ ‘ಒಂದೆರಡು ದಿನ ಬಿಟ್ಟು ಬಾ’ ಅನ್ನೋ ಥರನೂ ಬಳಸ್ತಾರೆ. ‘ಕಿಲ್ಮಿತೇನ್’ ಅಂದ್ರೆ ಎರಡು ಪದ, ನಾವು ‘ಎರಡು ಮಾತಾಡಿ’ ಅಂತ ಮೈಕ್ ಕೊಟ್ಟ ಹಾಗೆ, ಯಾರೂ ಎಣಿಸಲ್ಲ. ಇಂಥಲ್ಲಿ ‘ಎ ಕಪಲ್ ಆಫ್’ ಅನ್ನೋದು ಇಂಗ್ಲಿಷಿಗೆ ಸರಿಹೊಂದತ್ತೆ, ಅದೂ ಹೀಗೇ ಸಡಿಲ. ಅದೇ ಮಾತು ಕೋರ್ಟಲ್ಲಿ ಸಾಕ್ಷಿಯ ಬಾಯಲ್ಲಿ ಬಂದ್ರೆ ದುಭಾಷಿ ತಾನೇ ‘ಟೂ ಡೇಸ್’ ಅಂತ ತೀರ್ಮಾನ ಮಾಡಬಾರದು, ಎಣಿಸಿ ಹೇಳ್ತಿದೀರಾ ಅಥವಾ ಸುಮ್ನೆ ಅಂದಿದ್ದಾ ಅನ್ನೋ ಪ್ರಶ್ನೆ ಬಾಕಿ ಇದೆ ಅಂತ ಜಡ್ಜಿಗೆ ತಿಳಿಸಿ, ಆ ಸಾಕ್ಷಿ ಹತ್ರಾನೇ ಕೇಳಿಸ್ಬೇಕು.